ಮಾಸಿದ ಕಪ್ಪು ಬಟ್ಟೆಗೆ ಮನೆಯಲ್ಲೇ ಬಣ್ಣ: ಮೂರು ವರ್ಷ ಬಳಸಿದ ಮೇಲೆ

ನಮ್ಮ ಮನೆಯವರು ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುತ್ತಾರೆ. 41 ದಿನ ಎರಡು ಹೊತ್ತು ಸ್ನಾನ, ಎರಡು ಹೊತ್ತೂ ಒಗೆದ ಕಪ್ಪು ಬಟ್ಟೆ. ಬಳ್ಳಾರಿ ಬಿಸಿಲಲ್ಲಿ ಒಣಗಿಸಿದ ಕಪ್ಪು ಕಾಟನ್ ಅಂಗಿ ಒಂದು ಸೀಸನ್ ಕಳೆಯುವಷ್ಟರಲ್ಲಿ ಬೂದಿ ಬಣ್ಣಕ್ಕೆ ಬಂದಿರುತ್ತದೆ. ಬಟ್ಟೆ ಮಾತ್ರ ಗಟ್ಟಿಯಾಗೇ ಇರುತ್ತದೆ. ಎಸೆಯೋಕೆ ಮನಸ್ಸು ಬರಲ್ಲ, ಅಲ್ವಾ? ಹಾಗಾಗಿ ಮೂರು ವರ್ಷದಿಂದ ಕಾರ್ತಿಕಕ್ಕೆ ಮುಂಚೆ ನಾನೇ ಬಣ್ಣ ಹಾಕುತ್ತಿದ್ದೇನೆ.

ಅದಕ್ಕೂ ಹಿಂದೆ ಒಮ್ಮೆ ಕಿರಾಣಿ ಅಂಗಡಿಯ ಸಣ್ಣ ಪೊಟ್ಟಣ ತಂದಿದ್ದೆ. ಉಪ್ಪು ಹಾಕಿ ಬಟ್ಟೆಯನ್ನು ಕುದಿಸುವ ಜಾತಿಯದು. ಆ ದಿನ ಚೆನ್ನಾಗಿ ಕಂಡಿತು. ಆದರೆ ಪ್ರತಿ ಒಗೆತಕ್ಕೂ ಬಣ್ಣ ಬಿಟ್ಟು, ಎರಡೇ ವಾರದಲ್ಲಿ ಮತ್ತೆ ಬೂದಿ. ಆ ಬಣ್ಣ ನೂಲಿನ ಮೇಲೆ ಕೂತಿರುತ್ತದೆ ಅಷ್ಟೇ, ನೂಲಿಗೆ ಗಂಟು ಬೀಳುವುದಿಲ್ಲ. ಈಗ ಬಳಸುವುದು ರಿಯಾಕ್ಟಿವ್ ಕಪ್ಪು, ತಣ್ಣೀರಿನ ಜಾತಿ. ಜೀನ್ಸ್ ವಾಷಿಂಗ್ ಯೂನಿಟ್‌ಗಳಿಗೆ ಕೆಮಿಕಲ್ ಕೊಡುವ ಅಂಗಡಿಯಲ್ಲಿ ಲೂಸ್ ಸಿಗುತ್ತದೆ. ಇದು ಸೋಡಾ ಬಿದ್ದಾಗ, ಅಂದರೆ ಅಡುಗೆ ಸೋಡಾ ಅಲ್ಲ, ಸೋಡಾ ಆಶ್ ಬಿದ್ದಾಗ, ಹತ್ತಿ ನೂಲಿನ ಜೊತೆಗೇ ಸೇರಿಕೊಳ್ಳುತ್ತದೆ, ಮತ್ತೆ ಬಿಟ್ಟು ಬರುವುದಿಲ್ಲ.

ಬಣ್ಣ ಒಳ್ಳೆಯದಾದರೂ ಮೊದಲ ಸಲ ನನ್ನ ಕೈಯಲ್ಲಿ ಕೆಟ್ಟಿತು. ಪಂಚೆ ತುಂಬ ಮೋಡ ಮೋಡ, ಅಂಗಿಯ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕಿ. ಪಂಚೆ ತಗೊಂಡು ಅಂಗಡಿಗೇ ಹೋದೆ. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು: "ಅಕ್ಕಾ, ಬೋರ್ ನೀರು ಹಾಕಿದ್ರೇನು? ಗಂಜಿ ತೆಗೆದಿದ್ರೇನು?" ಎರಡರಲ್ಲೂ ನಾನು ತಪ್ಪಿದ್ದೆ. ನೀರು ಬೋರ್‌ದು, ಗಂಜಿ ತೆಗೆದಿರಲಿಲ್ಲ.

ಬೋರ್ ನೀರಿನ ಗಡಸು ನೋಡೋಕೆ ಒಂದು ಸುಲಭದ ದಾರಿ ಇದೆ. ಒಂದು ಗ್ಲಾಸ್ ನೀರಿಗೆ ಒಂದು ಚಮಚ ಸೋಡಾ ಹಾಕಿ ಕಲಕಿ. ಸೋಡಾ ಪೂರ್ತಿ ಕರಗಿದ ಮೇಲೂ ನೀರು ಹಾಲಿನಂತೆ ಬೆಳ್ಳಗೇ ಉಳಿದರೆ ಅದರಲ್ಲಿ ಸುಣ್ಣದ ಅಂಶ ಜಾಸ್ತಿ ಇದೆ ಎಂದರ್ಥ. ಅಂಥ ನೀರಲ್ಲಿ ಬಣ್ಣ ಗರಣೆ ಕಟ್ಟಿ ಚುಕ್ಕಿಯಾಗಿ ಕೂರುತ್ತದೆ. ನಾನೀಗ ನಲ್ಲಿಗೆ ನೀರು ಬಿಟ್ಟ ದಿನ ಹಿಡಿದಿಟ್ಟ ನೀರಲ್ಲೇ ಮಾಡುತ್ತೇನೆ. ಬಣ್ಣಕ್ಕೆ ಹಾಕುವ ಉಪ್ಪಿಗೂ ಅದೇ ಲೆಕ್ಕ, ಕಲ್ಲುಪ್ಪು ಬೇಡ, ಪುಡಿ ಉಪ್ಪು ಸಾಕು.

ಗಂಜಿಯ ಕಥೆ ಬೇರೆ. ಬಣ್ಣ ಗಂಜಿಗೂ ಹಿಡಿಯುತ್ತದೆ. ಆಮೇಲೆ ಒಗೆದಾಗ ಗಂಜಿ ಹೋಗುತ್ತದೆ, ಜೊತೆಗೆ ಬಣ್ಣವೂ ಹೋಗುತ್ತದೆ, ಆ ಜಾಗ ತಿಳಿಯಾಗಿ ಉಳಿಯುತ್ತದೆ. ಕಂಕುಳ ಬೆವರು, ಎಣ್ಣೆ ಕಲೆ, ಕಂಫರ್ಟ್ ಥರದ ಸಾಫ್ಟ್‌ನರ್, ಇವಿದ್ದ ಕಡೆ ನೀರೇ ಒಳಗೆ ಇಳಿಯುವುದಿಲ್ಲ. ಹಿಂದಿನ ದಿನವೇ ಬಿಸಿನೀರು, ಸೋಪಿನ ಪುಡಿ, ಒಂದು ಚಮಚ ಸೋಡಾ ಹಾಕಿ ಚೆನ್ನಾಗಿ ಒಗೆದು ಜಾಲಿಸಿಬಿಡಿ. ಒಣಗಿದ ಬಟ್ಟೆಯ ಮೇಲೆ ಅಲ್ಲಲ್ಲಿ ಒಂದೊಂದು ಹನಿ ನೀರು ಬಿಡಿ. ಹನಿ ತಕ್ಷಣ ಇಂಗಬೇಕು. ಮುತ್ತಿನ ಹಾಗೆ ನಿಂತರೆ ಆ ಜಾಗ ಇನ್ನೊಮ್ಮೆ ಉಜ್ಜಬೇಕು.

ಹೋದ ವರ್ಷದ ಲೆಕ್ಕ ಹೇಳುತ್ತೇನೆ. ಎರಡು ಅಂಗಿ, ಒಂದು ಪಂಚೆ, ಒಣ ತೂಕ 600 ಗ್ರಾಂ. ಬಣ್ಣ 50 ಗ್ರಾಂ. ಕಪ್ಪಿಗೆ ಬಣ್ಣ ಜಾಸ್ತಿನೇ ಬೇಕು, ಕೈ ಬಿಗಿ ಹಿಡಿದರೆ ಕಪ್ಪಾಗದೆ ನೇರಳೆಯೋ ಹಸಿರೋ ಹೊಡೆಯುತ್ತದೆ. ನೀರು 12 ಲೀಟರ್, ಉಪ್ಪು ಒಂದು ಕಿಲೋ, ಸೋಡಾ ಆಶ್ ಕಾಲು ಕಿಲೋ. ಹರಳಿನಂಥ ವಾಷಿಂಗ್ ಸೋಡಾ ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ, ಅದು 675 ಗ್ರಾಂ ಬೇಕಾಗುತ್ತದೆ. ಟಬ್ ದೊಡ್ಡದಿರಲಿ. ಬಟ್ಟೆ ಮೀನಿನ ಹಾಗೆ ಓಡಾಡಬೇಕು, ತುರುಕಿದ ಹಾಗೆ ಇರಬಾರದು.

ನೀರು ಕೂಸಿಗೆ ಎರೆಯುವಷ್ಟು ಬಿಸಿ ಇದ್ದರೆ ಸಾಕು. ಪುಡಿಯನ್ನು ಮೊದಲು ಒಂದು ಲೋಟ ನೀರಲ್ಲಿ ಸಂಕಟಿ ಹಿಟ್ಟಿನ ಥರ ಕಲಸಿ, ಆಮೇಲೆ ತೆಳುವಾಗಿಸಿ, ಹಳೆ ಬನಿಯನ್ ಬಟ್ಟೆಯಲ್ಲಿ ಸೋಸಿ ಟಬ್ಬಿಗೆ ಬಿಡಿ. ಆ ಬನಿಯನ್ ಮೇಲೆ ಉಳಿಯುವ ಗಂಟು ನೋಡಿದರೆ ಚುಕ್ಕಿ ಎಲ್ಲಿಂದ ಬರುತ್ತಿತ್ತು ಅಂತ ಗೊತ್ತಾಗುತ್ತದೆ. ಪುಡಿ ಹಾರುವ ಹೊತ್ತಲ್ಲಿ ಫ್ಯಾನ್ ಆರಿಸಿ, ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಇರಲಿ. ಅಡುಗೆ ಪಾತ್ರೆ ಇದಕ್ಕೆ ಮುಟ್ಟಲೇಬೇಡಿ.

ಬಟ್ಟೆಯನ್ನು ಒಣ ಒಣ ಹಾಕಬಾರದು. ಪೂರ್ತಿ ನೆನೆಸಿ, ಹಿಂಡಿ, ಮಡಿಕೆ ಬಿಡಿಸಿ ಹಾಕಿ. ಹತ್ತು ನಿಮಿಷ ತಿರುವಿದ ಮೇಲೆ ಉಪ್ಪನ್ನು ಮೂರು ಪಾಲು ಮಾಡಿ, ಹತ್ತು ಹತ್ತು ನಿಮಿಷಕ್ಕೊಮ್ಮೆ, ಬಟ್ಟೆ ಪಕ್ಕಕ್ಕೆ ಎತ್ತಿ ಕರಗಿಸಿ. ಉಪ್ಪು ಬಣ್ಣವನ್ನು ನೂಲಿನ ಕಡೆ ತಳ್ಳುತ್ತದೆ. ಒಮ್ಮೆಲೇ ಸುರಿದರೆ ಯಾವ ಭಾಗ ಮೇಲಿದೆಯೋ ಅದೇ ಜಾಸ್ತಿ ಕುಡಿಯುತ್ತದೆ.

ನನಗೆ ಮೂರು ವರ್ಷದಲ್ಲಿ ಮನದಟ್ಟಾದ ವಿಷಯ ಇದು: ಸೋಡಾ ಬೀಳುವ ತನಕ ಬಣ್ಣ ಇನ್ನೂ ಓಡಾಡುತ್ತಿರುತ್ತದೆ. ಎಲ್ಲಿ ಕಮ್ಮಿಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಸೋಡಾ ಬಿದ್ದ ಮೇಲೆ ಇದ್ದಲ್ಲೇ ಬೀಗ. ಹಾಗಾಗಿ ಬಣ್ಣ ಸಮ ಮಾಡುವ ಕೆಲಸವೆಲ್ಲ ಸೋಡಾಕ್ಕೆ ಮುಂಚೆಯೇ ಮುಗಿಯಬೇಕು. ಉಪ್ಪು ಮುಗಿದ ಮೇಲೆ ಇನ್ನರ್ಧ ಗಂಟೆ ತಿರುವುತ್ತೇನೆ. ಪಂಚೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡುತ್ತೇನೆ. ತಿಳಿ ಮೋಡ ಕಂಡರೆ ಮತ್ತೆ ಹಾಕಿ ತಿರುವುತ್ತೇನೆ. ಸಮ ಕಂಡ ಮೇಲೆಯೇ ಸೋಡಾ. ಅದನ್ನೂ ಬೇರೆ ನೀರಲ್ಲಿ ಪೂರ್ತಿ ಕರಗಿಸಿ, ಬಟ್ಟೆ ಹೊರಗೆ ತೆಗೆದು, ಎರಡು ಸಲಕ್ಕೆ ಹಾಕಿ ಕಲಕಿ, ಬಟ್ಟೆ ಮತ್ತೆ ಇಳಿಸುತ್ತೇನೆ. ಆಮೇಲಿನ ಕಾಲು ಗಂಟೆ ಫೋನ್ ಬಂದರೂ ಎತ್ತಲ್ಲ, ಕೈ ನಿಲ್ಲಿಸಲ್ಲ. ಉಳಿದ ಮುಕ್ಕಾಲು ಗಂಟೆ ಐದೈದು ನಿಮಿಷಕ್ಕೊಮ್ಮೆ ತಿರುವಿದರೆ ಸಾಕು. ಉಳಿದ ಬಣ್ಣದ ನೀರು ನಾಳೆಗೆ ಇಡಬೇಡಿ. ಸೋಡಾ ಬಿದ್ದದ್ದು ನೀರಿನ ಜೊತೆಗೇ ಸೇರಿ ಸತ್ತುಹೋಗಿರುತ್ತದೆ. ಗಿಡಕ್ಕೂ ಹಾಕಬೇಡಿ, ಉಪ್ಪಿಗೆ ಗಿಡ ಸಾಯುತ್ತದೆ.

ತೊಳೆಯುವಾಗ ಮೊದಲು ತಣ್ಣೀರಲ್ಲಿ ಉಪ್ಪು, ಸೋಡಾ ಹೋಗುವ ತನಕ ಜಾಲಿಸಬೇಕು. ಆಮೇಲೆ ಕುದಿ ಬಂದ ನೀರು, ಸ್ವಲ್ಪ ಸೋಪಿನ ಪುಡಿ, ಹತ್ತು ನಿಮಿಷ ನೆನೆಸಿ, ಹೀಗೆ ಮೂರು ಸಲ. ಒದ್ದೆ ಬಟ್ಟೆಯ ಮೇಲೆ ಬಿಳಿ ಕರ್ಚೀಫ್ ಇಟ್ಟು ಇಸ್ತ್ರಿ ಒತ್ತಿ ನೋಡಿ. ಕರ್ಚೀಫ್‌ಗೆ ಬಣ್ಣ ಹತ್ತಿದರೆ ಇನ್ನೊಂದು ಸಲ ಬಿಸಿನೀರು. ಒಣಗಿಸುವುದು ಒಳಮಗ್ಗಲು ಹೊರಗೆ ಮಾಡಿ, ನೆರಳಲ್ಲಿ. ಉಳಿದ ಬಣ್ಣ ಇದ್ದು ಬಿಸಿಲಿಗೆ ಹಾಕಿದರೆ ಅದು ಒಣಗುವ ಅಂಚಿಗೆ ಓಡಿ ಗೆರೆ ಕಟ್ಟುತ್ತದೆ.

ಕಪ್ಪು ಸಾಕೋ ಇಲ್ಲವೋ ಅಂತ ಅಳೆಯೋಕೆ ಹೊಲಿಗೆ ನೋಡಿ. ರೆಡಿಮೇಡ್ ಅಂಗಿಯ ದಾರ ಹೆಚ್ಚಾಗಿ ಪಾಲಿಸ್ಟರ್, ಬಟ್ಟೆ ಮಾಸಿದರೂ ಅದು ಕಪ್ಪಾಗೇ ಇರುತ್ತದೆ. ಒಣಗಿದ ಮೇಲೆ ಕಾಲರ್ ಹೊಲಿಗೆ ಬಟ್ಟೆಯೊಳಗೆ ಕಾಣದ ಹಾಗೆ ಸೇರಿದರೆ ಬಣ್ಣ ಸರಿಯಾಗಿದೆ. ಒದ್ದೆಯಲ್ಲಿ ನೋಡಿ ತೀರ್ಮಾನಿಸಬೇಡಿ, ಒದ್ದೆ ಬಟ್ಟೆ ಯಾವಾಗಲೂ ಕಪ್ಪಾಗಿಯೇ ಕಾಣುತ್ತದೆ.

ಹೋದ ಸೀಸನ್ನಿನ ಅಂಗಿ 41 ದಿನ ಕಳೆದ ಮೇಲೂ ಹೊಲಿಗೆಗಿಂತ ಒಂದು ಕೂದಲೆಳೆ ತಿಳಿ ಅಷ್ಟೇ. ಈ ವರ್ಷ ಅದೇ ಬಟ್ಟೆಗಳಿಗೆ ಅರ್ಧ ಬಣ್ಣ, 25 ಗ್ರಾಂ ಸಾಕಾಯಿತು. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಮ್ಮಿ ಯಾಕೆಂದರೆ, ಪಾಲಿಸ್ಟರ್ ಕಲಸಿದ ಬಟ್ಟೆಗೆ ಇದು ಆಗಲ್ಲ, ಆ ನೂಲು ಬಣ್ಣ ಕುಡಿಯದೆ ಒಟ್ಟಾರೆ ಬೂದಿಯಾಗೇ ಉಳಿಯುತ್ತದೆ. ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲೇ ಇಡಬೇಕು. ನಾನು ಒಂದು ಮಳೆಗಾಲ ಕವರ್‌ನಲ್ಲೇ ಬಿಟ್ಟಿದ್ದೆ, ತೇವ ಹಿಡಿದು ಬಣ್ಣ ಕಂದು ಹೊಡೆಯಿತು. ಇನ್ನು ತುಂಬಾ ಹಳೆಯ ಅಂಗಿಯಲ್ಲಿ ಹೆಗಲ ಮೇಲೆ ಬಿಸಿಲು ತಿಂದ ಪಟ್ಟೆ ಇರುತ್ತದಲ್ಲ, ಅದು ಓರೆ ಬೆಳಕಿಗೆ ಈಗಲೂ ಸ್ವಲ್ಪ ಕಾಣುತ್ತದೆ. ಅದನ್ನು ಹೋಗಿಸೋಕೆ ಬ್ಲೀಚ್ ಹಾಕಬೇಡಿ. ನಮ್ಮ ಒಂದು ಅಂಗಿ ಹಾಗೆ ಹೆಗಲಲ್ಲೇ ಹರಿಯಿತು.