ಹಳೆ ಕಲ್ನಾರು ಶೀಟು ತೆಗೆದ ಮೇಲೆ ತಗಡೋ, ಹೊಸ ಸಿಮೆಂಟ್ ಶೀಟೋ, ಹೆಂಚೋ?

ಲೆಕ್ಕಕ್ಕೆ ಒಂದು ಮಾಡು ಇಟ್ಟುಕೊಳ್ಳೋಣ: 20 ಅಡಿ ಅಗಲ, ಇಳಿಜಾರಿನುದ್ದಕ್ಕೆ 12.5 ಅಡಿ, ಒಂದೇ ಕಡೆಗೆ ನೀರು ಬೀಳುವ ಒಂಟಿ ಮಾಡು. ಮೇಲೆ 2 ಮೀಟರಿನ 12 ಕಲ್ನಾರು ಶೀಟು. ಒಂದೊಂದೂ ಸುಮಾರು 25 ಕೆ.ಜಿ., ಒಟ್ಟು 300 ಕೆ.ಜಿ. ಹತ್ತಿರ. ಮುಂದಿನ ಆಯ್ಕೆ ಬಹುಪಾಲು ನಿಂತಿರುವುದು ಈ ಭಾರದ ಮೇಲೆ.

ಸುಸ್ಥಿತಿಯಲ್ಲಿರುವ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಿಗಿಯಾಗಿರುತ್ತದೆ. ದಶಕಗಳ ಮಳೆ ಮೇಲಿನ ಸಿಮೆಂಟನ್ನು ತಿಂದಾಗ ನಾರು ಹೊರಬರುತ್ತದೆ. ಮುಟ್ಟಿದರೆ ಒರಟಾಗುವುದು, ಪಾಚಿ ಬೇರೂರುವುದು, ಶೀಟಿನ ತುದಿ ಪದರ ಬಿಡುವುದು ಅದರ ಗುರುತು. ಮಾಡಿನಂಚಿನ ನೀರುದೋಣಿಯ ತಳದಲ್ಲಿ ಕೂತ ಬೂದು ಕೆಸರಿನಲ್ಲೂ ಆ ನಾರು ಇರುತ್ತದೆ. ಒಣಗಿದಾಗ ಗುಡಿಸಬೇಡಿ, ಒದ್ದೆಯಾಗಿರುವಾಗಲೇ ಬಳಿದು ತೆಗೆಯಿರಿ. ಇನ್ನು ಗ್ರೈಂಡರ್ ಇಟ್ಟರೆ ಹಳೆಯದಾದರೂ ಹೊಸದಾದರೂ ಒಂದೇ, ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಗಾಳಿಗೆ ಏಳುತ್ತದೆ. ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಗೆ ಬರುವ ಮೆಸೊಥೀಲಿಯೋಮಾ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳಲು 20-40 ವರ್ಷ ಹಿಡಿಯುವುದರಿಂದ ಕತ್ತರಿಸಿದವನಿಗೆ ಅಂದು ಕೆಮ್ಮೂ ಬರದಿರಬಹುದು.

ಬಣ್ಣ ಬಳಿದು ಹಾಗೇ ಇಡಬಹುದೇ? ಬಿರುಕಿಲ್ಲದ ಶೀಟಾದರೆ ಕೆಲವು ವರ್ಷ ದೂಡಬಹುದು. ತೊಡಕಿರುವುದು ಬಳಿಯುವ ಮುಂಚೆ ತೊಳೆಯುವುದರಲ್ಲಿ: ತಂತಿ ಬ್ರಷ್ಷು, ಪ್ರೆಷರ್ ವಾಷರ್ ಎರಡೂ ನಾರನ್ನೇ ಕಿತ್ತು ಸುತ್ತ ಹರಡುತ್ತವೆ. ಬಣ್ಣ ಶೀಟಿಗೆ ಬಲವನ್ನೂ ಕೊಡುವುದಿಲ್ಲ. ಹತ್ತಿದವರು ಮುರಿದು ಕೆಳಗೆ ಬೀಳುವ ಅಪಾಯ ಹಾಗೇ ಉಳಿಯುತ್ತದೆ.

ತೆಗೆಯುವಾಗ ಶೀಟಿಗೆ ಸೋಪುನೀರು ಸಿಂಪಡಿಸಿ ನೆನೆಸಿ. ನೆಂದ ಶೀಟು ಜಾರುತ್ತದೆ, ಆದ್ದರಿಂದ ಹಲಗೆ ಹಾಸಿಯೇ ನಿಲ್ಲಬೇಕು. ಕೆಳಗಿನಿಂದ ಅಟ್ಟಣಿಗೆ ಕಟ್ಟಿ ಬಿಚ್ಚಿದರೆ ಇನ್ನೂ ಒಳ್ಳೆಯದು. ತುಕ್ಕು ಹಿಡಿದ ಜೆ ಬೋಲ್ಟನ್ನು ಬೋಲ್ಟ್ ಕಟ್ಟರಿನಿಂದ ತುಂಡರಿಸಿ, ಶೀಟನ್ನು ಒಡೆಯಬೇಡಿ. ಒಂದೊಂದಾಗಿ ಇಡಿಯಾಗಿ ಇಳಿಸಿ, ದಪ್ಪ ಪಾಲಿಥೀನಿನಲ್ಲಿ ಎರಡು ಸುತ್ತು ಸುತ್ತಿ ಟೇಪು ಹಾಕಿ. ಮುಖಕ್ಕೆ ಕರ್ಚೀಫು ಕಟ್ಟಿ ಪ್ರಯೋಜನವಿಲ್ಲ, ಸರ್ಜಿಕಲ್ ಮಾಸ್ಕೂ ಸಾಲದು. ಕೆನ್ನೆಗೆ ಬಿಗಿಯಾಗಿ ಕೂರುವ ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯ ಮಾಸ್ಕು ಬೇಕು. ಎಸೆದ ಕಲ್ನಾರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಅದನ್ನು ಪುಡಿಮಾಡಿ ರಸ್ತೆಗುಂಡಿಗೆ ತುಂಬುವುದು ನಮ್ಮೂರುಗಳ ಅತಿ ಕೆಟ್ಟ ರೂಢಿ.

ಈಗ ಬದಲಿಗಳು. ಗ್ಯಾಲ್ವಲ್ಯೂಮ್ ಎಂದರೆ ಅಲ್ಯೂಮಿನಿಯಂ-ಸತು ಲೇಪದ ಉಕ್ಕು. ಬಣ್ಣದ ಗ್ಯಾಲ್ವಲ್ಯೂಮ್ ತಗಡು 0.5 ಮಿ.ಮೀ. ದಪ್ಪದ್ದಾದರೆ ಇಡೀ ಮಾಡಿಗೆ ಸುಮಾರು 115 ಕೆ.ಜಿ. ಮೇಲಿಂದ ಕೆಳಗಿನವರೆಗೆ ಒಂದೇ ಉದ್ದ ಸಿಗುವುದರಿಂದ ನಡುವೆ ಜೋಡಣೆಯೇ ಇಲ್ಲ, ಸೋರುವ ಜಾಗ ಅಷ್ಟು ಕಡಿಮೆ. ಆದರೆ ಹಗುರಾದ ಮಾಡನ್ನು ಗಾಳಿ ಎತ್ತುತ್ತದೆ. ಶೀಟು ಹೊರುವ ಅಡ್ಡತೊಲೆಯನ್ನು, ಅಂದರೆ ಪರ್ಲಿನ್ನನ್ನು ಗೋಡೆಗೆ ಬಿಗಿಯದೆ ಬರೀ ಇಟ್ಟಿದ್ದರೆ ಮೊದಲು ಅದನ್ನು ಸರಿಪಡಿಸಿ. ಬಿಸಿಲಿಗೆ ಕಾಯುವುದು, ಮಳೆಗೆ ಸದ್ದು ಮಾಡುವುದು ಇದ್ದೇ ಇದೆ, ಹಾಗಾಗಿ ಜನ ಮಲಗುವ ಕೋಣೆಯಾದರೆ ಅಡಿಯಲ್ಲಿ ಫಾಯಿಲ್ ಅಂಟಿಸಿದ ಫೋಮ್ ಹಾಸಿಯೇ ಹಾಕಬೇಕು. ತಗಡಿಗೂ ಗ್ರೈಂಡರ್ ಬೇಡ. ಕಿಡಿ ಬಿದ್ದಲ್ಲೆಲ್ಲ ಬಣ್ಣ ಸುಟ್ಟು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಕತ್ತರಿ ಅಥವಾ ನಿಬ್ಲರ್ ಬಳಸಿ. ಗೋಡೆ ಸೇರುವಲ್ಲಿ ಹಸಿ ಗಾರೆ ಮೆತ್ತಿದರೂ ಲೇಪ ಹಾಳು, ಅಲ್ಲಿ ಸಂದಿ ಮುಚ್ಚುವ ತಗಡಿನ ಪಟ್ಟಿ, ಅಂದರೆ ಫ್ಲಾಶಿಂಗ್ ಹಾಕಿಸಿ.

ದನದ ಕೊಟ್ಟಿಗೆಗೆ ಮಾತ್ರ ತಗಡು ಬೇಡ. ಗಂಜಲದ ಅಮೋನಿಯಾ ಅಡಿಗಡೆಯಿಂದ ತಿನ್ನುತ್ತದೆ. ಅಲ್ಲಿಗೆ ಕಲ್ನಾರು ಇಲ್ಲದ ಫೈಬರ್ ಸಿಮೆಂಟ್ ಶೀಟೇ ಸರಿ. ಭಾರ ಹಳೆಯದರಷ್ಟೇ, ಅಲೆಯ ಅಳತೆ ಹೊಂದಿದರೆ ಇದ್ದ ಪರ್ಲಿನ್ನಿನ ಮೇಲೇ ಕೂರುತ್ತದೆ. ಅಂಗಡಿಯಲ್ಲಿ 'ಸಿಮೆಂಟ್ ಶೀಟು' ಎಂದಷ್ಟೇ ಕೇಳಿದರೆ ಕಲ್ನಾರಿನದ್ದೇ ಕೈಗೆ ಬರಬಹುದು, ಏಕೆಂದರೆ ಭಾರತದಲ್ಲಿ ಅದರ ಮಾರಾಟಕ್ಕೆ ನಿಷೇಧವಿಲ್ಲ. ಶೀಟಿನ ಮೇಲಿನ ಮುದ್ರೆ ನೋಡಿ: ಐಎಸ್ 459 ಎಂದಿದ್ದರೆ ಅದು ಕಲ್ನಾರು. ಬಿಲ್ಲಿನಲ್ಲೂ 'ಕಲ್ನಾರು ರಹಿತ' ಎಂದು ಬರೆಸಿಕೊಳ್ಳಿ. ಇದನ್ನು ಕೊಯ್ಯುವಾಗಲೂ ಸಿಲಿಕಾ ದೂಳು ಏಳುತ್ತದೆ, ನೀರು ಹಾಕುತ್ತಾ ಕೈಗರಗಸದಲ್ಲೇ ಕೊಯ್ಯಿರಿ. ಮೇಲೆ ನಡೆಯಲು ಇದಕ್ಕೂ ಹಲಗೆ ಬೇಕು.

ಮಂಗಳೂರು ಹೆಂಚು ತಂಪಿಗೆ ಎಲ್ಲಕ್ಕಿಂತ ಮೇಲು, ಒಡೆದರೆ ಒಂದನ್ನಷ್ಟೇ ಬದಲಿಸಿದರಾಯಿತು. ಆದರೆ ಈ ಮಾಡಿಗೆ ಸುಮಾರು 350 ಹೆಂಚು, ಅಂದರೆ 850 ಕೆ.ಜಿ. ಮೇಲೆ, ಮಳೆಯಲ್ಲಿ ನೀರು ಹೀರಿ ಇನ್ನಷ್ಟು. ಶೀಟಿನ ಮಾಡಿನ ಇಳಿಜಾರು ಸಾಮಾನ್ಯವಾಗಿ 10-15 ಡಿಗ್ರಿ. ಹೆಂಚಿಗೆ 25 ಡಿಗ್ರಿಗಿಂತ ಹೆಚ್ಚು ಬೇಕು, ಇಲ್ಲದಿದ್ದರೆ ಗಾಳಿಮಳೆಗೆ ನೀರು ಸಂದಿಯಲ್ಲಿ ಒಳಗೆ ನುಗ್ಗುತ್ತದೆ. ಗೋಡೆ ಎತ್ತರಿಸಿ, ಪಕ್ಕಾಸು ರೀಪು ಹೊಸದಾಗಿ ಕೂರಿಸುವವರಿಗೆ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ.