ಕಕ್ಕಡದ ಸಂಜೆ ಫ್ರೀ ಮೋಷನ್ ಹೊಲಿಯುವವರೇ, ಮೊದಲು ವೋಲ್ಟೇಜ್ ನೋಡಿ

ಮಡಿಕೇರಿ ಕಡೆಯ ಒಂದು ಹೋಂಸ್ಟೇಗೆಂದು ಹೊಲಿದ ಡಬಲ್ ಕಾಟ್ ಕ್ವಿಲ್ಟ್ ಒಂದು ಹೋದ ವಾರದಲ್ಲೇ ವಾಪಸ್ ಬಂತು. 90 ಇಂಚು ಅಗಲ, 100 ಇಂಚು ಉದ್ದ. ಮೇಲೆ ಕಾಟನ್ ತುಂಡುಗಳ ಜೋಡಣೆ, ನಡುವೆ ಹತ್ತಿಯ ವ್ಯಾಡಿಂಗ್, ಅಡಿಯಲ್ಲಿ ಒಂದೇ ಬಣ್ಣದ ಬಟ್ಟೆ, ಎಲ್ಲವನ್ನೂ ಹಿಡಿದಿಡಲು ಅರ್ಧ ಇಂಚಿನ ಅಂತರದಲ್ಲಿ ಸುತ್ತಾಡುವ ಗೆರೆ. ಕೆಲಸ ತಿಳಿದವರೇ ಹೊಲಿದದ್ದು. ಆದರೂ ಮೂರು ಕಡೆ, ಒಂದೊಂದೂ ದಿನಪತ್ರಿಕೆಯ ಒಂದು ಪುಟದಷ್ಟು ಜಾಗದಲ್ಲಿ, ಹೊಲಿಗೆ ಎದ್ದು ಕಾಣುವಷ್ಟು ಉದ್ದವಾಗಿತ್ತು. ಅದರ ಪಕ್ಕಕ್ಕೇ ಒತ್ತೊತ್ತಾದ ಸಣ್ಣ ಹೊಲಿಗೆ. ಕೊಂಡವರು ಬೈಯಲೂ ಇಲ್ಲ. "ಇದೇನಕ್ಕ, ಇಲ್ಲಿ ಇರುವೆ ಸಾಲು, ಅಲ್ಲಿ ಕೋಳಿ ಹೆಜ್ಜೆ" ಎಂದರು, ಅಷ್ಟೇ.

ತಪ್ಪು ಎಲ್ಲಿತ್ತು ಎಂದು ಹುಡುಕುವಾಗ ಮೊದಲ ಎರಡು ದಿನ ಪೂರ್ತಿ ದಾರಿ ತಪ್ಪಿತು. ಇದನ್ನು ಬರೆಯಲು ಅದೇ ಕಾರಣ.

ಫ್ರೀ ಮೋಷನ್‌ನಲ್ಲಿ ಮೆಷಿನ್ನಿನ ಹಲ್ಲು ಕೆಳಗಿಳಿದಿರುತ್ತದೆ. ಬಟ್ಟೆಯನ್ನು ಹಿಂದಕ್ಕೆ ಎಳೆಯುವವರು ಯಾರೂ ಇಲ್ಲ, ಕೈಯೇ ತಳ್ಳಬೇಕು. ಹಾಗಾಗಿ ಹೊಲಿಗೆಯ ಉದ್ದ ಹೇಳುವ ಗುಂಡಿಗೆ ಅಲ್ಲಿ ಕೆಲಸವೇ ಇಲ್ಲ. ಅದನ್ನು 1ಕ್ಕೆ ತಿರುಗಿಸಿದರೂ 4ಕ್ಕೆ ತಿರುಗಿಸಿದರೂ ಬಟ್ಟೆಯ ಮೇಲೆ ಏನೂ ಬದಲಾಗುವುದಿಲ್ಲ. ಉದ್ದ ಹುಟ್ಟುವುದು ಒಂದೇ ಲೆಕ್ಕದಿಂದ: ಒಂದು ಸೆಕೆಂಡಿನಲ್ಲಿ ಕೈ ಎಷ್ಟು ದೂರ ಹೋಯಿತು, ಅಷ್ಟರಲ್ಲಿ ಸೂಜಿ ಎಷ್ಟು ಸಲ ಇಳಿಯಿತು. ಸೂಜಿ ನಿಮಿಷಕ್ಕೆ 600 ಸಲ ಇಳಿದರೆ ಸೆಕೆಂಡಿಗೆ 10. ಅಷ್ಟರಲ್ಲಿ ಕೈ 25 ಮಿಲಿಮೀಟರ್, ಅಂದರೆ ಸುಮಾರು ಒಂದು ಇಂಚು ಸರಿದರೆ ಒಂದೊಂದು ಹೊಲಿಗೆಯೂ ಎರಡೂವರೆ ಮಿಲಿಮೀಟರ್. ಇಂಚಿಗೆ ಹತ್ತು ಹೊಲಿಗೆ, ಕ್ವಿಲ್ಟ್‌ಗೆ ಚೆನ್ನಾಗಿ ಕಾಣುವ ಅಳತೆ.

ಎರಡೂ ಕಡೆ ಒಟ್ಟಿಗೆ ಏರಿಳಿದರೆ ಲೆಕ್ಕ ಕೈಗೆ ಸಿಗುವುದಿಲ್ಲ. ಅದಕ್ಕೇ ಅನುಭವಿಗಳು ಸೂಜಿಯ ವೇಗವನ್ನು ಒಂದೇ ಕಡೆ ನಿಲ್ಲಿಸಿ ಕೈಯನ್ನು ಮಾತ್ರ ಪಳಗಿಸುತ್ತಾರೆ. ವೇಗದ ಸ್ಲೈಡರ್ ಇರುವ ಮೆಷಿನ್ ಆದರೆ ಅದನ್ನು ನಡುವಿಗೆ ಇಟ್ಟು ಪೆಡಲನ್ನು ಪೂರ್ತಿ ಒತ್ತುವುದು. ಸ್ಲೈಡರ್ ಇಲ್ಲದ ಸಾದಾ ಮೆಷಿನ್ ಆದರೆ ಪೆಡಲಿನ ಕೆಳಗೆ ಒಂದು ಮರದ ತುಂಡನ್ನೋ ಹಳೆಯ ರಬ್ಬರನ್ನೋ ಸಿಕ್ಕಿಸಿ, ಒಂದು ಮಟ್ಟಕ್ಕಿಂತ ಕೆಳಗೆ ಹೋಗದ ಹಾಗೆ ಮಾಡುವುದು. ಈ ಕ್ವಿಲ್ಟ್ ಹೊಲಿದದ್ದು ಎರಡನೆಯ ಬಗೆಯಲ್ಲಿ. ಮರದ ತುಂಡು ಇತ್ತು, ಕಾಲು ಒಂದೇ ಕಡೆ ಇತ್ತು, ಕೈಯ ಲಯವೂ ಕೂತಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಹೊಲಿದ ಮಾದರಿ ತುಂಡು ಅಚ್ಚು ಹಾಕಿದ ಹಾಗೆ ಬಂದಿತ್ತು.

ಕ್ವಿಲ್ಟ್ ಹೊಲಿದದ್ದು ಮಾತ್ರ ಸಂಜೆ ಆರರ ಮೇಲೆ, ಜುಲೈ ಕೊನೆಯಲ್ಲಿ. ಕೊಡಗಿನಲ್ಲಿ ಆ ಹೊತ್ತಿನ ಕರೆಂಟಿನ ಬಗ್ಗೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೋಗದಿದ್ದರೂ ಕುಗ್ಗುತ್ತದೆ. ಮರದ ತುಂಡು ಕಾಲನ್ನು ನಿಲ್ಲಿಸುತ್ತದೆ, ಸೂಜಿಯನ್ನಲ್ಲ. ಸಾದಾ ಪೆಡಲಿನ ಮೆಷಿನ್‌ಗಳಲ್ಲಿ ವೋಲ್ಟೇಜ್ ಇಳಿದರೆ ಮೋಟಾರಿನ ವೇಗವೂ ಇಳಿಯುತ್ತದೆ, ಕಾಲು ಅಲ್ಲೇ ಇದ್ದರೂ.

ಸೂಜಿ ಸೆಕೆಂಡಿಗೆ 10ರಿಂದ 7ಕ್ಕೆ ಬಂತು ಎಂದುಕೊಳ್ಳಿ. ಕೈಗೆ ಅದು ಗೊತ್ತಿಲ್ಲ, ಅಭ್ಯಾಸದ ಹಾಗೆ 25 ಮಿಲಿಮೀಟರ್ ಸರಿಯುತ್ತಲೇ ಇದೆ. ಹೊಲಿಗೆ ಮೂರೂವರೆ ಮಿಲಿಮೀಟರ್ ದಾಟಿತು. ಹೊಲಿಯುವವರು ಒಂದಷ್ಟು ಹೊತ್ತಿನ ಮೇಲೆ ಉದ್ದವಾದದ್ದನ್ನು ಕಂಡು, ತನ್ನದೇ ಅವಸರ ಎಂದುಕೊಂಡು ಕೈಯನ್ನು 18ಕ್ಕೆ ಇಳಿಸುತ್ತಾರೆ. ಅಷ್ಟರಲ್ಲಿ ಕರೆಂಟು ಏರಿ ಸೂಜಿ ಮತ್ತೆ 10ಕ್ಕೆ ಹೋಯಿತು. ಈಗ ಹೊಲಿಗೆ ಎರಡು ಮಿಲಿಮೀಟರಿಗಿಂತಲೂ ಸಣ್ಣದು. ಕೋಳಿ ಹೆಜ್ಜೆ, ಪಕ್ಕದಲ್ಲಿ ಇರುವೆ ಸಾಲು.

ಇದಿಷ್ಟೇ ಆಗಿದ್ದರೆ ಬೇಗ ಸಿಕ್ಕಿಬೀಳುತ್ತಿತ್ತು. ಆದರೆ ಉದ್ದ ಹೊಲಿಗೆಯ ಜಾಗದಲ್ಲಿ ಬಟ್ಟೆ ಮಗುಚಿ ನೋಡಿದರೆ, ತಿರುವುಗಳಲ್ಲಿ ಮೇಲಿನ ದಾರ ಅಡಿಗೆ ಇಳಿದು ಕಣ್ಣಿನ ರೆಪ್ಪೆಗೂದಲ ಹಾಗೆ ಸಾಲಾಗಿ ನಿಂತಿತ್ತು. ಬಾಬಿನ್ ದಾರ ತಿರುವನ್ನು ಅಡ್ಡ ಹಾದು ನೇರ ಮಲಗಿತ್ತು. ರಿಪೇರಿಗೆ ಬಂದವರು ಇದನ್ನು ನೋಡಿದ ಕೂಡಲೇ ಟೆನ್ಷನ್ ಸಡಿಲ ಎಂದರು, ಗುಂಡಿ ಬಿಗಿ ಮಾಡಿದರು, ದುಡ್ಡು ತೆಗೆದುಕೊಂಡು ಹೋದರು. ಮಾರನೆಯ ಬೆಳಿಗ್ಗೆ ಕರೆಂಟ್ ಸರಿಯಾಗಿದ್ದಾಗ ಅದೇ ಬಿಗಿಯಿಂದ ಬಾಬಿನ್ ದಾರ ಚುಕ್ಕಿ ಚುಕ್ಕಿಯಾಗಿ ಮೇಲೆ ಎದ್ದಿತು, ಮೇಲಿನ ದಾರ ಎರಡು ಸಲ ತುಂಡಾಯಿತು.

ರೆಪ್ಪೆಗೂದಲಿಗೆ ಟೆನ್ಷನ್ ಒಂದು ಕಾರಣ ಹೌದು. ಇನ್ನೊಂದು ಕಾರಣ, ಸೂಜಿಗಿಂತ ಕೈ ಮುಂದೆ ಓಡುವುದು. ಸೂಜಿ ನಿಧಾನವಾದಾಗ ಅದು ಬಟ್ಟೆಯೊಳಗೆ ಇರುವ ಹೊತ್ತೂ ಹೆಚ್ಚು. ಅಷ್ಟು ಹೊತ್ತು ಕೈ ಬಟ್ಟೆಯನ್ನು ಎಳೆಯುತ್ತಲೇ ಇದ್ದರೆ ಸೂಜಿ ಬಾಗುತ್ತದೆ, ದಾರ ಪಕ್ಕಕ್ಕೆ ಜಗ್ಗುತ್ತದೆ. ಬಾಗಿದ ಸೂಜಿಯಿಂದ ಹುಕ್‌ಗೆ ದಾರದ ಕುಣಿಕೆ ಸಿಗದೆ ಹೊಲಿಗೆ ಹಾರುವುದೂ ಉಂಟು. ಜಾಸ್ತಿ ಬಾಗಿದರೆ ಕೆಳಗಿನ ಪ್ಲೇಟಿಗೆ ಬಡಿದು ಮುರಿಯುತ್ತದೆ. ಹಾಗೆ ಮುರಿದಿದ್ದರೆ ಪ್ಲೇಟಿನ ತೂತಿನ ಅಂಚಿನಲ್ಲಿ ಹಳೆಯ ನೈಲಾನ್ ಕಾಲುಚೀಲ ಆಡಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ, ಮುಂದೆ ಎಷ್ಟು ಒಳ್ಳೆಯ ದಾರ ಹಾಕಿದರೂ ಸವೆದು ತುಂಡಾಗುತ್ತದೆ. ಮೂರು ಪದರಕ್ಕೆ 90/14 ನಂಬರಿನ ಸೂಜಿಗಿಂತ ತೆಳುವಾದದ್ದು ಬೇಡ.

ಹಾಗಾದರೆ ತಪ್ಪು ಕರೆಂಟಿನದೋ ಕೈಯದೋ ಎಂದು ಗುರುತಿಸುವುದು ಹೇಗೆ? ತಪ್ಪು ಬಿದ್ದ ಜಾಗವೇ ಹೇಳುತ್ತದೆ. ಸುತ್ತು ತಿರುಗುವಲ್ಲಿ ಮಾತ್ರ ಉದ್ದ, ಮೂಲೆಯಲ್ಲಿ ಮಾತ್ರ ಗುಪ್ಪೆ ಎಂದಾದರೆ ಅದು ಕೈಯ ತಪ್ಪು. ತಿರುವು ಕಂಡಾಗ ಬೇಗ ದಾಟಿಬಿಡೋಣ ಎಂದು ಎಲ್ಲರ ಕೈಯೂ ಓಡುತ್ತದೆ, ಮುಂದೆ ಎಲ್ಲಿಗೆ ಎಂದು ಯೋಚಿಸುವಾಗ ನಿಲ್ಲುತ್ತದೆ. ಎಡಕ್ಕೆ ಹೋದಾಗ ಸಣ್ಣ, ಬಲಕ್ಕೆ ಬಂದಾಗ ಸರಿ, ಹೀಗೆ ದಿಕ್ಕು ನೋಡಿ ಬದಲಾದರೆ ಅದು ಭಾರದ ತಪ್ಪು. ಕ್ವಿಲ್ಟ್‌ನ ಉಳಿದ ಭಾಗ ಮೇಜಿನಿಂದ ಕೆಳಗೆ ಜೋತು ಬಿದ್ದು ಜಗ್ಗುತ್ತಿದೆ, ಬಿಟ್ಟಾಗ ಒಮ್ಮೆಲೇ ಜಾರುತ್ತಿದೆ. ಎಡಕ್ಕೂ ಹಿಂದಕ್ಕೂ ಅದೇ ಎತ್ತರದ ಮೇಜು ಸೇರಿಸಿದರೆ ಮುಗಿಯಿತು. ಆದರೆ ಒಂದು ಜಾಗದೊಳಗೆ ನೇರ ಗೆರೆ, ತಿರುವು, ಎಡ, ಬಲ ಎಲ್ಲವೂ ಒಂದೇ ಸಮ ಉದ್ದವಾಗಿದ್ದು, ಆ ಜಾಗ ಹೊಲಿದ ಸಮಯಕ್ಕೆ ತಕ್ಕಂತೆ ಪಟ್ಟೆಯಾಗಿ ಕೂತಿದ್ದರೆ, ಕೈಯನ್ನು ಬೈಯಬೇಡಿ. ಸೂಜಿಯ ವೇಗ ಬದಲಾಗಿದೆ.

ಅದನ್ನು ಖಚಿತ ಮಾಡಿಕೊಳ್ಳಲು ದಾರ ತೆಗೆದು ಒಂದು ದಪ್ಪ ಕಾಗದ ಇಡಿ. ಪೆಡಲನ್ನು ಎಂದಿನ ಮಟ್ಟಕ್ಕೆ ಒತ್ತಿ, ಮೊಬೈಲಿನಲ್ಲಿ ಸರಿಯಾಗಿ ಹತ್ತು ಸೆಕೆಂಡು ನೋಡಿಕೊಂಡು, ಕಾಗದವನ್ನು ಒಂದೇ ಕಡೆಗೆ ಮೆಲ್ಲಗೆ ಸರಿಸಿ, ತೂತು ಎಣಿಸಿ. ನೂರು ತೂತು ಬಿದ್ದರೆ ಸೆಕೆಂಡಿಗೆ ಹತ್ತು. ಇಲ್ಲಿ ಕೈ ಹೆಚ್ಚು ಕಡಿಮೆ ಆದರೂ ಪರವಾಗಿಲ್ಲ, ತೂತಿನ ಅಂತರ ಬದಲಾಗುತ್ತದೆ ಹೊರತು ಸಂಖ್ಯೆ ಅಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ ಮಾಡಿ. ಈ ಮೆಷಿನ್ನಿನಲ್ಲಿ ಬೆಳಿಗ್ಗೆ 101, ಸಂಜೆ 72 ಬಿತ್ತು. ಟೆನ್ಷನ್ ಗುಂಡಿ ಮುಟ್ಟುವ ಮೊದಲು ಮಾಡಬೇಕಾಗಿದ್ದ ಐದು ನಿಮಿಷದ ಕೆಲಸ.

ಇನ್ನು ಪರಿಹಾರ ಎಂದು ಹೇಳಿ ಮಾರುವ ಎರಡು ವಸ್ತುಗಳ ಬಗ್ಗೆ ಜೋಪಾನ. ಅಗ್ಗದ ಸ್ಟೆಬಿಲೈಸರ್‌ಗಳು ಒಳಗಿನ ರಿಲೇ ಟಕ್ ಟಕ್ ಎಂದು ಬದಲಾದಂತೆ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತವೆ. ಫ್ರಿಜ್ಜಿಗೆ ಅದು ಸಾಕು, ಸೂಜಿಗೆ ಪ್ರತಿ ಟಕ್ ಕೂಡ ಒಂದು ನೆಗೆತ. ಎರಡನೆಯದು, ಸ್ಟಿಚ್ ರೆಗ್ಯುಲೇಟರ್ ಇದೆ ಎಂದು ಹೇಳಿ ತೋರಿಸುವ ಮೆಷಿನ್. ನಿಜವಾದ ರೆಗ್ಯುಲೇಟರ್ ಬಟ್ಟೆ ಸರಿಯುವುದನ್ನು ಸೆನ್ಸರಿನಿಂದ ಅಳೆದು, ಕೈ ನಿಧಾನವಾದರೆ ಸೂಜಿಯನ್ನೂ ನಿಧಾನ ಮಾಡುತ್ತದೆ, ಕೈ ನಿಂತರೆ ಸೂಜಿಯೂ ನಿಲ್ಲುತ್ತದೆ, ಇಲ್ಲವೇ ತೀರ ನಿಧಾನವಾಗುತ್ತದೆ. ಅಂಗಡಿಯವರು ಅದೇ ಹೆಸರಿನಲ್ಲಿ ಬರೀ ವೇಗದ ಸ್ಲೈಡರ್ ತೋರಿಸಬಹುದು. ಪೆಡಲ್ ಒತ್ತಿಕೊಂಡೇ ಬಟ್ಟೆಯನ್ನು ನಿಲ್ಲಿಸಿ ನೋಡಿ. ಸೂಜಿ ಒಂದೇ ತೂತಿನಲ್ಲಿ ಅದೇ ವೇಗದಲ್ಲಿ ಕುಟ್ಟುತ್ತಲೇ ಇದ್ದರೆ ಅದು ಸ್ಲೈಡರ್. ಆ ಬೆಲೆ ಕೊಡಬೇಡಿ.

ಕೊಡಗಿನ ಹೆಚ್ಚಿನ ಮನೆಗಳಲ್ಲಿ ಇನ್ವರ್ಟರ್ ಹೇಗೂ ಇರುತ್ತದೆ. ಆದರೆ ಅದಕ್ಕೆ ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಆಗದು. ಮೇನ್ ಕರೆಂಟ್ ಇರುವ ತನಕ ಸಾದಾ ಇನ್ವರ್ಟರ್ ಅದೇ ಕುಗ್ಗಿದ ವೋಲ್ಟೇಜನ್ನು ಹಾಗೆಯೇ ಮುಂದಕ್ಕೆ ಕಳಿಸುತ್ತದೆ. ಸಂಜೆ ಹೊಲಿಯಲೇಬೇಕಾದರೆ ಇನ್ವರ್ಟರಿಗೆ ಬರುವ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ, ಪೂರ್ತಿ ಬ್ಯಾಟರಿಯಲ್ಲಿ ಓಡಿಸಿ. ಹೊಲಿಗೆ ಮೆಷಿನ್ನಿನ ಮೋಟಾರ್ ದೊಡ್ಡ ಹೊರೆಯೇನಲ್ಲ. ಇನ್ವರ್ಟರ್ ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವ್‌ನಲ್ಲಿ ಮೋಟಾರ್ ಗುಂಯ್ ಎನ್ನುತ್ತದೆ, ಪೆಡಲ್ ಹೇಳಿದ ಮಾತು ಕೇಳುವುದಿಲ್ಲ. ಬ್ಯಾಟರಿಗೆ ಬದಲಿಸಿದ ಮೇಲೂ ಕಾಗದದ ಲೆಕ್ಕ ಮತ್ತೊಮ್ಮೆ ಮಾಡಿ, ನೂರರ ಹತ್ತಿರ ಬರುವ ಹಾಗೆ ಮರದ ತುಂಡನ್ನು ಸರಿಸಿಕೊಳ್ಳಿ. ಕಾಲಲ್ಲಿ ತುಳಿಯುವ ಹಳೆಯ ಮೆಷಿನ್ ಮೂಲೆಯಲ್ಲಿದ್ದರೆ ಅದಕ್ಕೆ ಈ ಗೋಳೇ ಇಲ್ಲ ಎನ್ನುವುದನ್ನೂ ಹೇಳಿಬಿಡುತ್ತೇವೆ. ಹಲ್ಲು ಇಳಿಯದ ಮಾಡೆಲ್ ಆದರೆ ಹಲ್ಲಿನ ಮೇಲೆ ಸೂಜಿಗೆ ತೂತಿರುವ ತೆಳು ಪ್ಲೇಟ್ ಮುಚ್ಚಬೇಕು, ಡಾರ್ನಿಂಗ್ ಫುಟ್ ಹಾಕಬೇಕು.

ಹೊಲಿಯುತ್ತಿರುವಾಗ ಎಲ್ಲಕ್ಕಿಂತ ಮೊದಲು ಸುಳಿವು ಸಿಗುವುದು ಕಿವಿಗೆ. ಮೆಷಿನ್ನಿನ ಸದ್ದು ಇಳಿಯಿತು, ಬಲ್ಬು ಮಂಕಾಯಿತು ಎನಿಸಿದರೆ ಗೆರೆ ಮುಗಿಸುವ ಆಸೆ ಬೇಡ. ಸೂಜಿಯನ್ನು ಬಟ್ಟೆಯೊಳಗೆ ಇಳಿಸಿ ನಿಲ್ಲಿಸಿ. ಸುರಿವ ಮಳೆಯಲ್ಲಿ ಹೆಂಚಿನ ಸದ್ದಿಗೆ ಇದು ಕೇಳಿಸುವುದೇ ಇಲ್ಲ, ಆ ಮೂರು ಜಾಗಗಳೂ ಬಹುಶಃ ಹಾಗೇ ಕೈ ತಪ್ಪಿದ್ದು.

ಬಿಚ್ಚುವ ಲೆಕ್ಕ ಹೀಗಿದೆ. ಒಂದೊಂದು ಜಾಗವನ್ನು ಹೊಲಿಯಲು ಸುಮಾರು ಹನ್ನೆರಡು ನಿಮಿಷ, ನಿಮಿಷಕ್ಕೆ 420ರಂತೆ ಐದು ಸಾವಿರ ಹೊಲಿಗೆ, ಮೂರು ಸೇರಿ ಹದಿನೈದು ಸಾವಿರ. ಮೇಲಿನ ಬಟ್ಟೆಗೆ ಗಾಯವಾಗದಂತೆ ಅಡಿಯ ಕಡೆಯಿಂದ ರಿಪ್ಪರಿನಲ್ಲಿ ನಾಲ್ಕು ಹೊಲಿಗೆಗೆ ಒಂದನ್ನು ಕತ್ತರಿಸಿ, ಬಟ್ಟೆ ಮಗುಚಿ ಮೇಲಿನ ದಾರವನ್ನು ಎಳೆದು ತೆಗೆಯಬೇಕು. ಹೆಚ್ಚುಕಡಿಮೆ ಮೂರು ಸಾವಿರದ ಎಂಟುನೂರು ಕಡೆ ಕತ್ತರಿಸಿದ ಹಾಗಾಯಿತು. ಒಂದೇ ಕಡೆಯಿಂದ ಎಳೆದುಬಿಡೋಣ ಎಂದರೆ ವ್ಯಾಡಿಂಗಿನ ಹತ್ತಿಯೂ ಜೊತೆಗೆ ಕಿತ್ತು ಬರುತ್ತದೆ. ಉಳಿದ ತೂತಿನ ಮೇಲೆ ನೀರು ಚಿಮುಕಿಸಿ ಉಗುರಿನಿಂದ ಉದ್ದಕ್ಕೂ ಅಡ್ಡಕ್ಕೂ ಉಜ್ಜಿದರೆ ಸಾದಾ ಕಾಟನ್ನಿನ ಎಳೆ ಮತ್ತೆ ಕೂಡಿಕೊಳ್ಳುತ್ತದೆ. ಒತ್ತಾಗಿ ನೇಯ್ದ ಬಾಟಿಕ್ ಬಟ್ಟೆಯಲ್ಲಿ ಅದು ನಡೆಯುವುದಿಲ್ಲ. ಈ ಕ್ವಿಲ್ಟ್‌ನ ಎರಡು ನೀಲಿ ಬಾಟಿಕ್ ತುಂಡುಗಳಲ್ಲಿ ಮೂರೂವರೆ ಮಿಲಿಮೀಟರಿನ ಆ ಚುಕ್ಕಿ ಸಾಲು ಈಗಲೂ ಹಾಗೇ ಇದೆ, ಪಕ್ಕದಲ್ಲಿ ಎರಡೂವರೆಯ ಹೊಸ ಹೊಲಿಗೆ.