36 ದಿನಕ್ಕೆ ವಸೂಲಿ ಅಂತ ತೋರಿಸಿದರೆ ಮೊದಲು ಇದನ್ನು ನೋಡಿ

ದಾವಣಗೆರೆಯಲ್ಲಿ ನಡೆಯುತ್ತಿರುವ ಗೊಬ್ಬರ, ಬೀಜ, ಔಷಧಿಯ ಹೋಲ್‌ಸೇಲ್ ವ್ಯಾಪಾರದಲ್ಲಿ ಪಾಲು ತೆಗೆದುಕೊಳ್ಳುವ ಯೋಚನೆ ಇದ್ದವರು ಓದಿ. ನಾನು ಮತ್ತು ನನ್ನ ಭಾವಮೈದ ಅರ್ಧ ಪಾಲು ತೆಗೆದುಕೊಂಡೆವು. ಪಾಲು ಬಿಟ್ಟು ಹೋದವರು ತೋರಿಸಿದ ಲೆಕ್ಕದಲ್ಲಿ ಒಂದೇ ಒಂದು ಸುಳ್ಳು ಅಂಕಿ ಇರಲಿಲ್ಲ. ಆದರೂ ಜುಲೈ ಕೊನೆಗೆ ನಮ್ಮ ಓಡಿ, ಅಂದರೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಮಿತಿ, ಪೂರ್ತಿ ಖಾಲಿ. ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಕೇಳಿಕೊಂಡು ಜನ ಬರುವ ಹೊತ್ತಿಗೇ ನಾವು ಹಿಂದಿನ ಬಿಲ್ ಕಟ್ಟುವವರೆಗೂ ಕಂಪನಿಯವರು ಮುಂದಿನ ಲೋಡ್ ಬಿಡಲಿಲ್ಲ.

ಪಾಲು ಬಿಟ್ಟವರು ತೋರಿಸಿದ್ದು ಇಷ್ಟು. ವರ್ಷದ ಮಾರಾಟ 2 ಕೋಟಿ 40 ಲಕ್ಷ. ಮಾರ್ಚ್ 31ಕ್ಕೆ ಪಾರ್ಟಿಗಳಿಂದ ಬರಬೇಕಾದ ಬಾಕಿ 24 ಲಕ್ಷ. ಮಾರಾಟವನ್ನು ಬಾಕಿಯಿಂದ ಭಾಗಿಸಿದರೆ 10. ಇದನ್ನೇ ಡೆಟರ್ಸ್ ಟರ್ನೋವರ್ ಅನ್ನುತ್ತಾರೆ, ಅಂದರೆ ಬಾಕಿ ವರ್ಷಕ್ಕೆ ಹತ್ತು ಸಲ ವಸೂಲಾಗಿ ತಿರುಗುತ್ತದೆ ಅಂತ. 365ನ್ನು 10ರಿಂದ ಭಾಗಿಸಿದರೆ ಡಿಎಸ್‌ಒ, ಅಂದರೆ ಬಾಕಿ ವಸೂಲಾಗಲು ಹಿಡಿಯುವ ದಿನ, ಸುಮಾರು 36. "ಅಣ್ಣಾ, ನಮ್ಮ ಪಾರ್ಟಿಗಳು ತಿಂಗಳು ಒಪ್ಪತ್ತಿನಲ್ಲಿ ರೊಕ್ಕ ಕೊಟ್ಟುಬಿಡ್ತಾರೆ" ಅಂದರು. ಬಂಡವಾಳ ಎಷ್ಟು ಬೇಕು ಅನ್ನುವ ಅಂದಾಜೆಲ್ಲ ಈ 36ರ ಮೇಲೇ ನಿಂತಿತ್ತು.

ಮೊದಲ ಮೋಸ ಮಾರಾಟದ ಅಂಕಿಯಲ್ಲೇ ಇದೆ. ಆ 2 ಕೋಟಿ 40 ಲಕ್ಷದಲ್ಲಿ 1 ಕೋಟಿ 44 ಲಕ್ಷ ಕೌಂಟರ್ ಕ್ಯಾಶ್. ರೈತ ಬಂದು, ರೊಕ್ಕ ಎಣಿಸಿಕೊಟ್ಟು, ಚೀಲ ಹೊತ್ತುಕೊಂಡು ಹೋಗುವ ಮಾರಾಟ. ಅದಕ್ಕೆ ಬಾಕಿಯೇ ಇಲ್ಲ, ಹಾಗಿದ್ದ ಮೇಲೆ ವಸೂಲಿಯ ಲೆಕ್ಕದಲ್ಲಿ ಅದಕ್ಕೇನು ಕೆಲಸ? ಹಳ್ಳಿ ಅಂಗಡಿಗಳಿಗೆ ಉದ್ರಿ ಕೊಟ್ಟಿದ್ದು 96 ಲಕ್ಷ ಮಾತ್ರ. 96ನ್ನು 24ರಿಂದ ಭಾಗಿಸಿ: 4. ಡಿಎಸ್‌ಒ 91 ದಿನ ಆಯಿತು. ಟ್ಯಾಲಿಯಲ್ಲಿ ಎರಡೂ ಒಂದೇ ಸೇಲ್ಸ್ ಲೆಡ್ಜರ್‌ಗೆ ಬಿದ್ದಿರುತ್ತವೆ. ಸೇಲ್ಸ್ ರಿಜಿಸ್ಟರ್ ತೆಗೆದು, ಪಾರ್ಟಿ ಹೆಸರಿನ ಜಾಗದಲ್ಲಿ Cash ಅಂತ ಇರುವ ಬಿಲ್‌ಗಳನ್ನು ಕಳೆಯಲೇಬೇಕು. (ಬಾಕಿಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ಸೇಲ್ಸ್ ಲೆಡ್ಜರ್‌ನಲ್ಲಿ ಇರುವುದಿಲ್ಲ. ಇಲ್ಲಿ ನಾನು ಎರಡನ್ನೂ ಜಿಎಸ್‌ಟಿ ಸೇರಿಸಿಯೇ ಹಿಡಿದಿದ್ದೇನೆ.)

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟಿತು. ಅದು ಮಾರ್ಚ್ 31 ಅನ್ನುವ ತಾರೀಖು. ನಮ್ಮ ಕಡೆ ಉದ್ರಿ ಹೋಗುವುದು ಜೂನ್, ಜುಲೈ, ಆಗಸ್ಟ್‌ನಲ್ಲಿ. ಮೆಕ್ಕೆಜೋಳ ಕಟಾವಾಗಿ, ಎಪಿಎಂಸಿಗೆ ಬಂದು, ರೈತನ ಕೈಗೆ ರೊಕ್ಕ ಸೇರುವಾಗ ನವೆಂಬರ್, ಡಿಸೆಂಬರ್. ಜಗಳೂರು ಕಡೆಯ ಅಂಗಡಿಯವರೊಬ್ಬರು ಫೋನಿನಲ್ಲಿ ನೇರವಾಗಿಯೇ ಹೇಳಿದರು: "ಜೋಳ ಮಾರಿದ ಮೇಲೆ ಅವರು ನನಗೆ ಕೊಡ್ತಾರೆ, ಆಮೇಲೆ ನಾನು ನಿಮಗೆ ಕೊಡ್ತೀನಿ ಅಣ್ಣಾ. ಪ್ರತಿ ವರ್ಷ ಹಂಗೇ ಅಲ್ವಾ?" ಹಾಗಾಗಿ ಇಡೀ ವರ್ಷದಲ್ಲಿ ಬಾಕಿ ತೀರಾ ಕಡಿಮೆ ಕಾಣುವುದು ಮಾರ್ಚ್‌ನಲ್ಲೇ. Sundry Debtors ಗುಂಪಿನ ತಿಂಗಳವಾರು ಪಟ್ಟಿ ತೆಗೆದು ನೋಡಿದರೆ ಆಗಸ್ಟ್ ಕೊನೆಗೆ ಬಾಕಿ 68 ಲಕ್ಷ ಇತ್ತು. ಹನ್ನೆರಡು ತಿಂಗಳ ಕೊನೆಯ ಬಾಕಿ ಕೂಡಿಸಿ ಸರಾಸರಿ ಹಾಕಿದರೆ 40 ಲಕ್ಷ. ಈಗ 96ನ್ನು 40ರಿಂದ ಭಾಗಿಸಿ: 2.4. ಡಿಎಸ್‌ಒ 152 ದಿನ. ಐದು ತಿಂಗಳು! ಜೂನ್‌ನಲ್ಲಿ ಕೊಟ್ಟ ಮಾಲಿಗೆ ನವೆಂಬರ್‌ನಲ್ಲಿ ರೊಕ್ಕ. ಆ ಅಂಗಡಿಯವರು ಹೇಳಿದ್ದೂ ಅದನ್ನೇ.

36 ದಿನ ಅಂತ ನಂಬಿದರೆ 96 ಲಕ್ಷದ ಉದ್ರಿಗೆ ಒಂಬತ್ತೂವರೆ ಲಕ್ಷ ಸಿಕ್ಕಿಕೊಂಡಿದ್ದರೆ ಸಾಕು. ನಿಜವಾಗಿ ಸಿಕ್ಕಿಕೊಳ್ಳುವುದು ಸರಾಸರಿ 40, ಆಗಸ್ಟ್‌ನಲ್ಲಿ 68. ಮಧ್ಯದ ರೊಕ್ಕವೆಲ್ಲ ಓಡಿಯಿಂದ, ಬಡ್ಡಿ ಕಟ್ಟಿಕೊಂಡು ಬರಬೇಕು. ಪಾರ್ಟಿ ರೊಕ್ಕ ಕೊಡದಿದ್ದರೂ ಆ ತಿಂಗಳ ಬಿಲ್‌ಗಳ ಜಿಎಸ್‌ಟಿಯನ್ನು ಮಾತ್ರ ನಾವು ಮುಂದಿನ ತಿಂಗಳೇ ಕಟ್ಟಬೇಕು.

ಸರಾಸರಿ ಹಾಕಿದರೂ ಒಂದು ವಿಷಯ ಗೊತ್ತಾಗುವುದಿಲ್ಲ. ಜೋಳದ ರೊಕ್ಕ ಬಂದು ಮೂರು ತಿಂಗಳು ಕಳೆದ ಮೇಲೂ, ಅಂದರೆ ಮಾರ್ಚ್ ಕೊನೆಗೂ, ಕೊಡದೆ ಉಳಿದವರು ಯಾರು? ಸರಿಯಾಗಿ ಕೊಡುವವರೆಲ್ಲ ಆಗಲೇ ಕೊಟ್ಟು ಮುಗಿಸಿರುತ್ತಾರೆ. ಅಂಕಿ ಚೆನ್ನಾಗಿ ಕಾಣುವ ತಿಂಗಳಲ್ಲೇ ಬಾಕಿ ತೀರಾ ಕೆಟ್ಟದಾಗಿರುತ್ತದೆ. ನಾವು ಬಿಲ್ ತಾರೀಖಿನ ಪ್ರಕಾರ ವಯಸ್ಸು ಹಾಕಿಸಿ ನೋಡಿದಾಗ ಆ 24 ಲಕ್ಷದಲ್ಲಿ 15 ಲಕ್ಷ 180 ದಿನ ದಾಟಿತ್ತು. ಕೆಲವು ಬಿಲ್ ಹಿಂದಿನ ವರ್ಷದ ಮುಂಗಾರಿನವು. ಬಂದ ರೊಕ್ಕವನ್ನು ಬಿಲ್‌ವಾರು ಜಮಾ ಮಾಡದೆ ಸುಮ್ನೆ On Account ಅಂತ ಹಾಕಿದ್ದರೆ ಈ ಪಟ್ಟಿಯನ್ನೂ ನಂಬುವಂತಿಲ್ಲ, ಆಗ ಒಂದೊಂದು ಪಾರ್ಟಿಯ ಖಾತೆ ತೆಗೆದೇ ನೋಡಬೇಕು.

ಪಾಲಿನ ಮಾತುಕತೆಗೆ ಕೂರುವ ಮುಂಚೆ ಉದ್ರಿ ಮಾರಾಟ ಬೇರೆ, ಹನ್ನೆರಡು ತಿಂಗಳ ಕೊನೆಯ ಬಾಕಿ ಬೇರೆ ಬರೆಸಿ ಕೈಗೆ ತಗೊಳ್ಳಿ. "ಆಡಿಟ್ ಆಗಿದೆಯಲ್ಲ" ಅಂತ ಬ್ಯಾಲೆನ್ಸ್ ಶೀಟ್ ಮುಂದಿಟ್ಟರೆ, ಅದರಲ್ಲಿರುವುದು ಮಾರ್ಚ್ 31ರ ಬಾಕಿ ಮಾತ್ರ. 180 ದಿನ ದಾಟಿದ ಬಾಕಿಯನ್ನು ಪಾಲಿನ ಬೆಲೆಗೆ ಸೇರಿಸಬೇಡಿ. ವಸೂಲಾದಾಗ ಅದು ಹಳೆಯ ಪಾಲುದಾರರಿಗೇ ಹೋಗಲಿ ಅಂತ ಕರಾರಿನಲ್ಲೇ ಬರೆಸಿ. ಅಷ್ಟು ಖಾತ್ರಿ ಇದ್ದರೆ ಅವರು ಒಪ್ಪುತ್ತಾರೆ.